ವಾರದ ರಜೆಯಲ್ಲಿ ಪಾಠ ಮಾಡೋದಕ್ಕೂ ಕಂಪನಿಯ ಅನುಮತಿ ಬೇಕಾ?

ನೇಮಕಾತಿ ಪತ್ರವನ್ನು ಕೊನೆಯವರೆಗೆ ಓದಿ ಸಹಿ ಹಾಕುವವರು ಕಡಿಮೆ. ಸಂಬಳದ ಪುಟ ನೋಡುತ್ತಾರೆ, ಪ್ರೊಬೇಷನ್ ಎಷ್ಟು ತಿಂಗಳು ಅಂತ ನೋಡುತ್ತಾರೆ, ನೋಟಿಸ್ ಪೀರಿಯಡ್ ನೋಡುತ್ತಾರೆ. ಉಳಿದ ಪುಟಗಳಿಗೆ ಬುಡದಲ್ಲಿ ಸಣ್ಣ ಸಹಿ ಹಾಕಿ ವಾಪಸ್ ಕೊಡುತ್ತಾರೆ. ಕೊಪ್ಪಳದ ಸುತ್ತಮುತ್ತಲಿನ ಕಾರ್ಖಾನೆಗಳ ಎಚ್‌ಆರ್ ವಿಭಾಗದಲ್ಲಿ ಟೇಬಲ್ಲಿನ ಈ ಕಡೆ ಕೂತು ಇಂಥ ಪತ್ರಗಳನ್ನು ಕೊಟ್ಟವನು ನಾನು. ಆಗ ಯಾರೂ ಕೇಳದ ಪ್ರಶ್ನೆಯನ್ನು ಈಗ ಮನೆ ಮಂದಿಯೆಲ್ಲ ಕೇಳುತ್ತಾರೆ. ಡ್ಯೂಟಿ ಮುಗಿಸಿ ಬಂದ ಮೇಲೆ ಬೇರೆ ಕಡೆ ನಾಲ್ಕು ಕಾಸು ದುಡಿಯಬಹುದಾ?

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನ ಉತ್ತರ ಇಲ್ಲ. ಒಂದೇ ಪತ್ರ, ಒಂದೇ ಷರತ್ತು. ಆದರೆ ಒಂದು ಕೆಲಸಕ್ಕೆ ಅನುಮತಿ ಸಿಗುತ್ತದೆ, ಇನ್ನೊಂದಕ್ಕೆ ಸಿಗೋದಿಲ್ಲ, ಮತ್ತೊಂದನ್ನು ಕೇಳಲೇಬಾರದು. ನನ್ನ ಅಕ್ಕನ ಮಗನ ಮುಂದೆ ಈ ಮೂರೂ ಒಟ್ಟಿಗೆ ಬಂದು ನಿಂತವು. ಅವನದನ್ನೇ ಬಿಡಿಸಿ ಹೇಳುತ್ತೇನೆ.

ಅವನು ಮೆಕ್ಯಾನಿಕಲ್ ಇಂಜಿನಿಯರ್. ಒಂದು ಉಕ್ಕಿನ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ. ಅದಿರು ಸಾಗಿಸುವ ಕನ್ವೇಯರ್ ಬೆಲ್ಟುಗಳ ಉಸ್ತುವಾರಿ ಅವನದು. ವಾರದ ರಜೆ ಬುಧವಾರ. ಕೊಪ್ಪಳದ ಒಂದು ಖಾಸಗಿ ಪಾಲಿಟೆಕ್ನಿಕ್‌ನವರು ಬುಧವಾರ ಬೆಳಿಗ್ಗೆ ಮೂರು ತಾಸು ಹೈಡ್ರಾಲಿಕ್ಸ್ ಪಾಠ ಮಾಡಿ ಅಂತ ಕರೆದಿದ್ದರು. ತಾಸಿಗೆ 500 ರೂಪಾಯಿ. ಗಂಗಾವತಿಯ ಒಬ್ಬ ರೈಸ್ ಮಿಲ್ ಮಾಲೀಕರಿಗೆ ಭತ್ತ ಮೇಲಕ್ಕೆ ಎತ್ತುವ ಬಕೆಟ್ ಎಲಿವೇಟರ್‌ನ ಡ್ರಾಯಿಂಗ್ ಬೇಕಿತ್ತು. ಮೂರನೆಯದು, ಅವನ ಕಾರ್ಖಾನೆಗೇ ಕನ್ವೇಯರ್ ರೋಲರ್ ಪೂರೈಸುವ ಒಬ್ಬ ಸಪ್ಲೈಯರ್, "ಸರ, ನಮ್ಮ ವರ್ಕ್‌ಶಾಪಿಗೆ ತಿಂಗಳಿಗೊಮ್ಮೆ ಬಂದು ಸ್ವಲ್ಪ ಗೈಡ್ ಮಾಡ್ರಿ, ನಿಮ್ದೇನೋ ನೋಡ್ಕೊಳ್ಳೋಣ" ಅಂದಿದ್ದರು.

"ಮಾಮಾ, ರಜಾ ದಿನ ನಂದು. ಅವತ್ತು ನಾ ಏನು ಮಾಡಿದ್ರ ಅವರಿಗೇನ್ರೀ?" ಅಂತ ಕೇಳಿದ.

ನ್ಯಾಯವಾದ ಪ್ರಶ್ನೆಯೇ. ಆದರೆ ಅವನು ಸಹಿ ಹಾಕಿದ ಪತ್ರದ ಷರತ್ತು ಹೆಚ್ಚು ಕಡಿಮೆ ಹೀಗಿತ್ತು: ನೌಕರರು ತಮ್ಮ ಪೂರ್ತಿ ಸಮಯ ಮತ್ತು ಗಮನವನ್ನು ಕಂಪನಿಯ ಕೆಲಸಕ್ಕೆ ಕೊಡಬೇಕು. ಕಂಪನಿಯ ಲಿಖಿತ ಪೂರ್ವಾನುಮತಿ ಇಲ್ಲದೆ, ನೇರವಾಗಿ ಅಥವಾ ಪರೋಕ್ಷವಾಗಿ, ಸಂಭಾವನೆ ಪಡೆದಾಗಲಿ ಪಡೆಯದೆಯಾಗಲಿ, ಬೇರೆ ಯಾವುದೇ ಉದ್ಯೋಗ, ವ್ಯಾಪಾರ ಅಥವಾ ವೃತ್ತಿಯಲ್ಲಿ ತೊಡಗುವಂತಿಲ್ಲ.

ಇದನ್ನು ಓದಿದವರು ಎರಡು ಥರ ತಪ್ಪು ತಿಳಿಯುತ್ತಾರೆ. ಕೆಲವರು "ಯಾವುದೇ" ಅನ್ನೋದನ್ನು ಕಂಡ ಕೂಡಲೇ ಎಲ್ಲಾ ಬಂದ್ ಅಂತ ಕೈಬಿಡುತ್ತಾರೆ. ಇನ್ನು ಕೆಲವರು ದುಡ್ಡು ತಗೊಳ್ಳದೆ ಮಾಡಿದರೆ ತೊಂದರೆ ಇಲ್ಲ, ಹೆಂಡತಿ ಹೆಸರಲ್ಲಿ ಮಾಡಿದರೆ ತೊಂದರೆ ಇಲ್ಲ ಅಂತ ದಾರಿ ಹುಡುಕುತ್ತಾರೆ. ಆ ಎರಡೂ ದಾರಿಗೆ ಈ ಷರತ್ತಿನಲ್ಲೇ ಬೇಲಿ ಇದೆ. "ಸಂಭಾವನೆ ಪಡೆಯದೆಯಾಗಲಿ" ಅಂತ ಬರೆದ ಮೇಲೆ ಪುಕ್ಕಟೆ ಕೆಲಸವೂ ಅದರೊಳಗೇ ಬಂತು. "ಪರೋಕ್ಷವಾಗಿ" ಅಂತ ಬರೆದ ಮೇಲೆ ಹೆಂಡತಿ ಹೆಸರಿನ ಬಿಲ್ಲೂ ಬಂತು. ನಮ್ಮ ಕಡೆ ಟ್ಯೂಷನ್, ವಿಮೆ ಏಜೆನ್ಸಿ ಎಲ್ಲ ಮನೆಯವರ ಹೆಸರಲ್ಲೇ ಇರುತ್ತವೆ. ಮನೆಯವರು ನಿಜವಾಗಿ ತಾವೇ ಮಾಡುತ್ತಿದ್ದರೆ ಅದು ಬೇರೆ ಮಾತು. ಹೆಸರು ಮಾತ್ರ ಅವರದು, ದುಡಿಮೆ ಇವರದು ಅಂತಾದರೆ ಅದನ್ನೇ ಪರೋಕ್ಷ ಅನ್ನೋದು.

ಹಾಗಂತ ಷರತ್ತು ಬಾಗಿಲು ಮುಚ್ಚಿಲ್ಲ. "ಲಿಖಿತ ಪೂರ್ವಾನುಮತಿ ಇಲ್ಲದೆ" ಅಂದರೆ, ಮೊದಲೇ ಕೇಳಿ, ಬರೆದು ಕೊಟ್ಟರೆ ಮಾಡಬಹುದು ಅಂತ. ಈ ಮಾತು ಇರೋ ಪತ್ರಕ್ಕೂ ಇಲ್ಲದೆ ಇರೋ ಪತ್ರಕ್ಕೂ ತುಂಬಾ ವ್ಯತ್ಯಾಸ. ಕೆಲವು ಪತ್ರಗಳಲ್ಲಿ ಅನುಮತಿಯ ಮಾತೇ ಇರೋದಿಲ್ಲ, ಖಡಾಖಂಡಿತ ನಿಷೇಧ ಇರುತ್ತದೆ. ಇನ್ನು ಕೆಲವು ಪತ್ರಗಳು ಈ ವಿಷಯ ಎತ್ತೋದೇ ಇಲ್ಲ. ಆಗ ಜನ ಖುಷಿಯಾಗುತ್ತಾರೆ. ಅಷ್ಟು ಬೇಗ ಖುಷಿಯಾಗಬೇಡಿ. "ಕಂಪನಿಯ ನಿಯಮಗಳು, ಕಾಲಕಾಲಕ್ಕೆ ಬದಲಾದಂತೆ, ನಿಮಗೂ ಅನ್ವಯಿಸುತ್ತವೆ" ಅಂತ ಎಲ್ಲೋ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲು ನಿಮ್ಮನ್ನು ಎಚ್‌ಆರ್ ಕೈಪಿಡಿಗೆ, ನಡತೆ ಸಂಹಿತೆಗೆ, ಸೇರುವಾಗ ಸಹಿ ಹಾಕಿದ ಗೋಪ್ಯತೆ ಕರಾರಿಗೆ ಕರೆದುಕೊಂಡು ಹೋಗುತ್ತದೆ. ಅದಕ್ಕೇ ಮೊದಲು ಈ ಕಾಗದಗಳನ್ನೆಲ್ಲ ಒಂದು ಕಡೆ ಹಾಕಿಕೊಂಡು ಕೂಡಬೇಕು. ಅಳಿಯನ ಕೈಲಿದ್ದದ್ದು ನೇಮಕಾತಿ ಪತ್ರ ಒಂದೇ. ಕೈಪಿಡಿ ಕಂಪನಿಯ ಪೋರ್ಟಲ್ಲಿನಲ್ಲಿತ್ತು. ಅದು ಅಲ್ಲಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ ನೋಡಬೇಕು. ನೀವು ಯಾವ ವರ್ಗದ ನೌಕರರು? ಕಾರ್ಖಾನೆಯ ಕಾರ್ಮಿಕರಿಗೆ ಸ್ಥಾಯಿ ಆದೇಶಗಳು ಅಂತ, ಅಂದರೆ ಅವರ ಕೆಲಸದ ಷರತ್ತುಗಳನ್ನು ಬರೆದಿಟ್ಟ ನಿಯಮಗಳು ಇರುತ್ತವೆ. 1946ರ ಕೇಂದ್ರ ನಿಯಮಗಳಲ್ಲಿದ್ದ ಮಾದರಿ ಸ್ಥಾಯಿ ಆದೇಶ ಎಲ್ಲಾ ಎರಡನೇ ಕೆಲಸಕ್ಕೂ ಅಡ್ಡ ಬಂದಿರಲಿಲ್ಲ. ಮಾಲೀಕರ ಹಿತಕ್ಕೆ ಧಕ್ಕೆ ತರಬಹುದಾದ ಹೆಚ್ಚುವರಿ ಕೆಲಸ ಮಾಡಬಾರದು ಅಂತಷ್ಟೇ ಅದರ ಮಾತು. ಇಂಜಿನಿಯರ್, ಆಫೀಸರ್ ದರ್ಜೆಯವರಿಗೆ ಅದರ ಆಸರೆ ಸಾಮಾನ್ಯವಾಗಿ ಇರೋದಿಲ್ಲ, ಅವರಿಗೆ ನೇಮಕಾತಿ ಪತ್ರವೇ ಗತಿ. ಅಳಿಯ ಆಫೀಸರ್ ದರ್ಜೆಯವನು. ಅವನ ಕೈಕೆಳಗಿನ ಫಿಟ್ಟರ್‌ಗಿಂತ ಅವನ ಕಟ್ಟುಪಾಡೇ ಬಿಗಿ!

"ಆದ್ರ ಮಾಮಾ, ಕಾಂಟ್ರ್ಯಾಕ್ಟ್ ಕಾಯ್ದೆ 27ನೇ ಸೆಕ್ಷನ್ ಪ್ರಕಾರ ಯಾರೂ ಯಾರ ದುಡಿಮೀನೂ ತಡೀಯಾಂಗಿಲ್ಲಂತ?" ಅಂತ ಮೊಬೈಲ್ ತೋರಿಸಿದ. ಇದನ್ನು ತುಂಬಾ ಜನ ಹೇಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಇರೋದು ನಿಜ. ವ್ಯಾಪಾರ, ವೃತ್ತಿ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ನಿಲ್ಲೋದಿಲ್ಲ ಅಂತ ಅದು ಹೇಳುತ್ತದೆ. ಆದರೆ ಅದು ಮುಖ್ಯವಾಗಿ ನೆರವಿಗೆ ಬರೋದು ಕೆಲಸ ಬಿಟ್ಟ ಮೇಲೆ. ಕೆಲಸದಲ್ಲಿ ಇರೋ ತನಕದ ಕಟ್ಟುಪಾಡಿನ ಬಗ್ಗೆ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ನಿರಂಜನ ಶಂಕರ ಗೋಲಿಕರಿ ಅನ್ನುವವರು ಸೆಂಚುರಿ ಸ್ಪಿನ್ನಿಂಗ್ ಕಂಪನಿಗೆ ಐದು ವರ್ಷದ ಕರಾರು ಬರೆದುಕೊಟ್ಟು, ಮಧ್ಯದಲ್ಲೇ ಅದೇ ಥರದ ನೂಲು ಮಾಡುವ ಇನ್ನೊಂದು ಕಂಪನಿಗೆ ಹೋಗಿದ್ದರು. ಕರಾರಿನ ಅವಧಿಯೊಳಗೆ ಬೇರೆ ಕಡೆ ದುಡಿಯಬೇಡ ಅನ್ನೋ ಷರತ್ತು ಸಾಮಾನ್ಯವಾಗಿ ಆ ಸೆಕ್ಷನ್ನಿಗೆ ಸಿಗೋದಿಲ್ಲ ಅಂತ ಕೋರ್ಟು ಹೇಳಿತು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಹೆಸರು ಇರೋ ತನಕ 27ನೇ ಸೆಕ್ಷನ್ ನಂಬಿ ಕೂಡಬೇಡಿ.

ಈಗ ಮೂರು ಕೆಲಸಗಳಿಗೆ ಬರೋಣ. ಸಪ್ಲೈಯರ್‌ದನ್ನು ಮೊದಲು ಮುಗಿಸುತ್ತೇನೆ, ಅದರಲ್ಲಿ ಯೋಚಿಸೋದಕ್ಕೇ ಏನಿಲ್ಲ. ಆ ರೋಲರ್‌ಗಳು ಕಾರ್ಖಾನೆಗೆ ಬಂದಾಗ ತಪಾಸಣೆ ಮಾಡಿ ಸಹಿ ಹಾಕುವವನು ಇವನೇ. ಎಷ್ಟು ಬೇಕು ಅಂತ ಇಂಡೆಂಟ್ ಹಾಕುವವನೂ ಇವನೇ. ಅವರಿಂದ ಒಂದು ರೂಪಾಯಿ ತಗೊಂಡರೂ ನಾಳೆ ಒಂದು ರೋಲರ್ ಬೇಗ ಸವೆದಾಗ ಇವನ ಸಹಿಯ ಮೇಲೆ ಅನುಮಾನ ಬರುತ್ತದೆ. ಇದನ್ನೇ ಹಿತಾಸಕ್ತಿ ಸಂಘರ್ಷ ಅನ್ನೋದು. ಕೆಲಸ ರಜಾ ದಿನ ಮಾಡಿದೆ, ರಾತ್ರಿ ಮಾಡಿದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಇಂಥದಕ್ಕೆ ಅನುಮತಿ ಕೇಳಲೂಬಾರದು. ಬದಲಿಗೆ, ಇಂಥವರು ಹೀಗೆ ಕೇಳಿದರು, ನಾನು ಒಲ್ಲೆ ಅಂದೆ ಅಂತ ಮೇಲಿನವರಿಗೆ ಒಂದು ಸಾಲಿನ ಇಮೇಲ್ ಹಾಕಿ ಇಡೋದು ಒಳ್ಳೆಯದು. ಹಾಕಿದ.

ಪಾಠದ ವಿಷಯದಲ್ಲಿ ನಾನು ನೋಡಿದ್ದು ಬೇರೆ ಸಂಗತಿಗಳು. ಪಾಲಿಟೆಕ್ನಿಕ್ ಅವನ ಕಂಪನಿಗೆ ಪ್ರತಿಸ್ಪರ್ಧಿ ಅಲ್ಲ. ಗಿರಾಕಿ ಅಲ್ಲ, ಸಪ್ಲೈಯರ್ ಅಲ್ಲ. ಹೈಡ್ರಾಲಿಕ್ಸ್ ಪಠ್ಯಪುಸ್ತಕದಲ್ಲೇ ಇರೋ ವಿಷಯ. ಹಾಗಾದರೆ ಕಂಪನಿ ಯಾಕೆ ಬೇಡ ಅನ್ನಬಹುದು? ಎರಡು ಕಾರಣಕ್ಕೆ ಅಂತ ಅನ್ನಿಸಿತು.

ಒಂದು, ಡ್ಯೂಟಿ. ಮೆಂಟೆನೆನ್ಸ್‌ನವರ ವಾರದ ರಜೆ ಕಾಗದದ ಮೇಲೆ ಬುಧವಾರ. ಶಟ್‌ಡೌನ್ ಬಂತೋ, ಬೆಲ್ಟು ಹರಿಯಿತೋ, ಆ ಬುಧವಾರ ಯಾವ ವಾರಕ್ಕೆ ಹೋಗುತ್ತದೋ ದೇವರಿಗೇ ಗೊತ್ತು. ಕಾಲೇಜಿನ ಟೈಮ್ ಟೇಬಲ್ ಹಾಗೆ ಅಲ್ಲಾಡೋದಿಲ್ಲ. ಹಿಂದಿನ ರಾತ್ರಿ ಎರಡು ಗಂಟೆಗೆ ಕರೆ ಬಂದು ಪ್ಲಾಂಟಿಗೆ ಹೋಗಿ, ಬೆಳಿಗ್ಗೆ ಪಾಠ ಮಾಡಿ, ಗುರುವಾರ ಬೆಳಿಗ್ಗೆ ಮತ್ತೆ ಹೊರಟರೆ ಮೈ ಎಲ್ಲಿ ಆರುತ್ತದೆ? ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ಕಾರ್ಮಿಕನನ್ನು ದುಡಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 60ನೇ ಸೆಕ್ಷನ್ ಹೇಳುತ್ತಿತ್ತು. ಪಾಲಿಟೆಕ್ನಿಕ್ ಕಾರ್ಖಾನೆ ಅಲ್ಲ, ಆ ಸೆಕ್ಷನ್ ಇಲ್ಲಿಗೆ ಬರೋದೂ ಇಲ್ಲ. ಆದರೆ ನಿದ್ದೆಗೆಟ್ಟವನನ್ನು ಓಡುವ ಬೆಲ್ಟಿನ ಪಕ್ಕ ನಿಲ್ಲಿಸೋದಕ್ಕೆ ಯಾವ ಸೇಫ್ಟಿ ಆಫೀಸರೂ ಒಪ್ಪೋದಿಲ್ಲ.

ಎರಡನೆಯದು, ಉದಾಹರಣೆಗಳು. ಮೇಷ್ಟ್ರಾದವರು ಪಾಠಕ್ಕೆ ಉದಾಹರಣೆ ಹುಡುಕುವಾಗ ಮೊದಲು ನೆನಪಾಗೋದು ತಮ್ಮ ಕೆಲಸದ ಜಾಗ. "ನಮ್ಮ ಪ್ಲಾಂಟಿನಲ್ಲಿ ಹೋದ ತಿಂಗಳು ಸಿಲಿಂಡರ್ ಸೀಲು ಹೋಗಿ ಹೀಗಾಯಿತು" ಅಂತ ಫೋಟೋ ತೋರಿಸಿದರೆ ಹುಡುಗರಿಗೆ ಚೆನ್ನಾಗಿ ತಲೆಗೆ ಹತ್ತುತ್ತದೆ ನಿಜ. ಆದರೆ ಗೋಪ್ಯತೆ ಕರಾರು ಮುರಿಯೋದು ಅಲ್ಲೇ.

ಪಾಠದ ದುಡ್ಡಿನ ಲೆಕ್ಕವನ್ನೂ ಹಾಕಿದೆವು. ವಾರಕ್ಕೆ 1,500, ಸೆಮಿಸ್ಟರಿಗೆ ಹದಿನಾರು ವಾರ ಅಂದರೆ 24,000, ಎರಡು ಸೆಮಿಸ್ಟರಿಗೆ 48,000. ವೃತ್ತಿಪರ ಶುಲ್ಕ ವರ್ಷಕ್ಕೆ 50,000 ದಾಟಿದರೆ ಕೊಡುವವರು ಶೇಕಡಾ 10 ಟಿಡಿಎಸ್ ಹಿಡಿಯಬೇಕು. ಇದು ದಾಟೋದಿಲ್ಲ. "ಹಂಗಾದ್ರ ಟ್ಯಾಕ್ಸ್ ಇಲ್ಲಲ್ಲ?" ಅಂದ. ಹಾಗಲ್ಲ. ಟಿಡಿಎಸ್ ಹಿಡಿಯದಿದ್ದರೂ ಅದು ಆದಾಯವೇ, ರಿಟರ್ನ್‌ನಲ್ಲಿ ತೋರಿಸಲೇಬೇಕು. ಇನ್ನೊಂದು ಎಚ್ಚರಿಕೆ ಹೇಳಿದೆ. ಕಾಲೇಜಿನವರು ಪಾಠಕ್ಕೆ ತಕ್ಕಷ್ಟು ಗೌರವಧನ ಕೊಡಲಿ, ತಮ್ಮ ಸಂಬಳದ ಪಟ್ಟಿಗೆ ಸೇರಿಸಿಕೊಂಡು ಪಿಎಫ್ ಕಟ್ಟುವುದು ಬೇಡ. ಹಾಗೆ ಸೇರಿಸಿದರೆ ಅದು ಅತಿಥಿ ಉಪನ್ಯಾಸ ಅನ್ನಿಸಿಕೊಳ್ಳೋದಿಲ್ಲ, ಎರಡನೇ ಉದ್ಯೋಗವೇ ಆಗುತ್ತದೆ. ಒಬ್ಬರಿಗೆ ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಆದ್ದರಿಂದ ಒಂದೇ ತಿಂಗಳಲ್ಲಿ ಇಬ್ಬರು ಮಾಲೀಕರು ಪಿಎಫ್ ಕಟ್ಟಿದ್ದು ಖಾತೆಯಲ್ಲಿ ಎದ್ದು ಕಾಣುತ್ತದೆ. ಕದ್ದು ಮಾಡುವವರು ಸಿಕ್ಕಿಬೀಳೋ ದಾರಿಗಳಲ್ಲಿ ಇದೂ ಒಂದು. ಇವನು ಕದ್ದು ಮಾಡುತ್ತಿಲ್ಲ, ಆದರೂ ಕೇಳಿದ್ದು ಒಂದು, ಕಾಗದದಲ್ಲಿ ಇರೋದು ಇನ್ನೊಂದು ಅಂತ ಆಗಬಾರದಲ್ಲ.

ರೈಸ್ ಮಿಲ್ಲಿನ ಡ್ರಾಯಿಂಗ್ ಸ್ವಲ್ಪ ಸಿಕ್ಕು ಸಿಕ್ಕಾಗಿತ್ತು. ಭತ್ತಕ್ಕೂ ಉಕ್ಕಿಗೂ ಪೈಪೋಟಿ ಇಲ್ಲ. ಮೇಲ್ನೋಟಕ್ಕೆ ಪಾಠಕ್ಕಿಂತ ಸುಲಭ, ಮನೆಯಲ್ಲಿ ಕೂತು ಮಾಡೋ ಕೆಲಸ. ಆದರೆ ಎಲಿವೇಟರ್, ಕನ್ವೇಯರ್ ಎಲ್ಲ ಅವನ ನೌಕರಿಯದೇ ವಿಷಯ. ಗೋಪ್ಯತೆ ಕರಾರಿನಲ್ಲಿ, ನೌಕರಿಯಲ್ಲಿ ಇರುವಾಗ ಕಂಪನಿಯ ಕೆಲಸಕ್ಕೆ ಸಂಬಂಧಪಟ್ಟು ನೀವು ಮಾಡಿದ ಡ್ರಾಯಿಂಗ್, ವಿನ್ಯಾಸ ಎಲ್ಲವೂ ಕಂಪನಿಯದು ಅಂತ ಒಂದು ಸಾಲಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆ ನೌಕರಿಯ ಭಾಗವಾಗಿ ಮಾಡಿದ ಕೃತಿಯನ್ನು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರಿಗೆ ಕೊಡುತ್ತದೆ. ಮಿಲ್ಲಿನ ಡ್ರಾಯಿಂಗ್ ನೌಕರಿಯ ಭಾಗ ಅಲ್ಲ. ಆದರೆ ಕರಾರಿನ ಮಾತು ಕಾಯ್ದೆಯ ಮಾತಿಗಿಂತ ಅಗಲವಾಗಿತ್ತು. "ಸಂಬಂಧಪಟ್ಟು" ಅನ್ನೋದನ್ನು ಎಲ್ಲಿವರೆಗೆ ಬೇಕಾದರೂ ಎಳೆಯಬಹುದು.

"ಡ್ರಾಯಿಂಗ್ ಯಾವುದ್ರಾಗ ಮಾಡ್ತಿ?" ಅಂತ ಕೇಳಿದೆ.

"ಕಂಪನಿ ಲ್ಯಾಪ್‌ಟಾಪ್‌ನ್ಯಾಗ ಆಟೋಕ್ಯಾಡ್ ಐತಲ್ಲ."

ಅಲ್ಲಿಗೆ ಮುಗಿಯಿತು. ಆ ಸಾಫ್ಟ್‌ವೇರ್ ಲೈಸೆನ್ಸ್ ಕಂಪನಿಯದು, ಯಂತ್ರ ಕಂಪನಿಯದು. ಫೈಲು ಯಾರ ಹೆಸರಿನ ಖಾತೆಯಿಂದ, ಎಷ್ಟು ಹೊತ್ತಿಗೆ ಸೇವ್ ಆಯಿತು ಅನ್ನೋದೂ ಅದರಲ್ಲೇ ಉಳಿಯಬಹುದು. ಹೊರಗಿನ ಕೆಲಸಕ್ಕೆ ಅನುಮತಿ ಸಿಕ್ಕವರು ಸಹ ಇಲ್ಲೇ ಎಡವುತ್ತಾರೆ. ಕೆಲಸಕ್ಕೆ ಒಪ್ಪಿಗೆ ಸಿಕ್ಕಿದೆ ಅಂದ ಮಾತ್ರಕ್ಕೆ ಕಂಪನಿಯ ಸಾಮಾನು ಬಳಸೋದಕ್ಕೆ ಒಪ್ಪಿಗೆ ಸಿಕ್ಕಿದ ಹಾಗಲ್ಲ. ಮೇಲಾಗಿ ಎಲಿವೇಟರ್ ಮುರಿದು ಬಿದ್ದು ಯಾರಿಗಾದರೂ ಪೆಟ್ಟಾದರೆ, ಡ್ರಾಯಿಂಗ್ ಮಾಡಿದವರು ಯಾರು ಅಂತ ಪೊಲೀಸರು ಕೇಳಿದಾಗ, ಹೆಸರಿನ ಜೊತೆ ಕಂಪನಿಯ ಹೆಸರೂ ಪೇಪರಿನಲ್ಲಿ ಬರುತ್ತದೆ. ಕಂಪನಿಗಳಿಗೆ ಅದರ ಭಯ ಜಾಸ್ತಿ.

ಆದರೂ ಎರಡನ್ನೂ ಕೇಳು ಅಂದೆ, ಬೇರೆ ಬೇರೆ ಅರ್ಜಿಯಲ್ಲಿ. ಒಂದೇ ಅರ್ಜಿಯಲ್ಲಿ ಹಾಕಿದರೆ ಕಷ್ಟದ್ದು ಸುಲಭದ್ದನ್ನೂ ಎಳೆದುಕೊಂಡು ಬೀಳುತ್ತದೆ.

ಪಾಠದ ಅರ್ಜಿಯನ್ನು ಕೂತು ಬರೆದೆವು. ಮೊದಲ ಕರಡಿನಲ್ಲಿ ಅವನು ಮನೆ ಸಾಲ, ತಂಗಿಯ ಮದುವೆ ಎಲ್ಲ ಬರೆದಿದ್ದ. ತೆಗೆಸಿದೆ. ಸಾಲ ಇದೆ ಅಂತ ಓದಿದ ಎಚ್‌ಆರ್‌ನವರಿಗೆ, ಇವನಿಗೆ ಸಂಬಳ ಸಾಲುತ್ತಿಲ್ಲ, ಇನ್ನೇನು ಬಿಡುತ್ತಾನೆ ಅಂತ ಅನ್ನಿಸುತ್ತದೆಯೇ ಹೊರತು ಕರುಣೆ ಹುಟ್ಟೋದಿಲ್ಲ. ನಾನೂ ಅಂಥ ಅರ್ಜಿಗಳನ್ನು ಹಾಗೇ ಓದಿದವನು. ಕೊನೆಗೆ ಉಳಿದದ್ದು ಇಷ್ಟು: ಯಾವ ಸಂಸ್ಥೆ, ಯಾವ ವಿಷಯ, ಬುಧವಾರ ಎಷ್ಟರಿಂದ ಎಷ್ಟರವರೆಗೆ, ತಾಸಿಗೆ ಎಷ್ಟು ಗೌರವಧನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಆ ಸಂಸ್ಥೆಗೂ ಕಂಪನಿಗೂ ಯಾವ ವ್ಯವಹಾರವೂ ಇಲ್ಲ. ಪಾಠದಲ್ಲಿ ಕಂಪನಿಯ ಫೋಟೋ, ಡ್ರಾಯಿಂಗ್, ಅಂಕಿ ಅಂಶ, ಲೋಗೋ ಯಾವುದನ್ನೂ ಬಳಸೋದಿಲ್ಲ. ಬುಧವಾರ ಡ್ಯೂಟಿ ಬಿದ್ದರೆ ಡ್ಯೂಟಿಯೇ ಮೊದಲು, ಇದನ್ನು ಕಾಲೇಜಿಗೂ ತಿಳಿಸಿದ್ದೇನೆ. ಈ ಕೊನೆಯ ಸಾಲೇ ಕೆಲಸ ಮಾಡೋದು. ಶಟ್‌ಡೌನ್ ದಿನ ಏನು ಮಾಡುತ್ತಾನೆ ಅನ್ನೋ ಪ್ರಶ್ನೆಗೆ ಅವರು ಕೇಳುವ ಮೊದಲೇ ಉತ್ತರ ಸಿಗುತ್ತದೆ.

ಅರ್ಜಿ ಮೊದಲು ಹೋದದ್ದು ಅವನ ವಿಭಾಗದ ಮುಖ್ಯಸ್ಥರಿಗೆ. ಅವರು ವಾಟ್ಸಾಪ್‌ನಲ್ಲಿ ಒಂದು ಹೆಬ್ಬೆರಳು ಹಾಕಿದರು, ಕೆಳಗೆ "ನೋಟೆಡ್" ಅಂತ ಬರೆದರು. ಅಳಿಯ ಕಾಲೇಜಿಗೆ ಫೋನ್ ಮಾಡೋದಕ್ಕೆ ಹೊರಟಿದ್ದ. ತಡೆದೆ. ನೋಟೆಡ್ ಅಂದರೆ ನೀನು ಹೇಳಿದ್ದು ಕೇಳಿಸಿತು ಅಂತ ಅಷ್ಟೇ, ಒಪ್ಪಿದೆ ಅಂತಲ್ಲ. ಷರತ್ತಿನಲ್ಲಿ ಇರೋದು ಕಂಪನಿಯ ಲಿಖಿತ ಅನುಮತಿ. ಕಂಪನಿಯ ಪರವಾಗಿ ಅದನ್ನು ಕೊಡುವ ಅಧಿಕಾರ ಯಾರಿಗಿದೆ ಅಂತ ಕೈಪಿಡಿಯಲ್ಲಿ ಇತ್ತು: ಪ್ಲಾಂಟಿನ ಎಚ್‌ಆರ್ ಮುಖ್ಯಸ್ಥರಿಗೆ. ಒಳ್ಳೆಯ ಬಾಸ್ ಬಾಯಿಮಾತಲ್ಲಿ ಒಪ್ಪಿ, ಆರು ತಿಂಗಳಿಗೆ ವರ್ಗವಾಗಿ, ಹೊಸ ಬಾಸ್ "ಯಾರು ಹೇಳಿದ್ರು ನಿಂಗೆ?" ಅಂತ ಕೇಳಿದ ಪ್ರಕರಣಗಳು ನನ್ನ ಟೇಬಲ್ಲಿಗೇ ಬಂದಿದ್ದವು. ಅರ್ಜಿ ಕೊಟ್ಟು ತಿಂಗಳಾಯಿತು, ಉತ್ತರ ಬಂದಿಲ್ಲ, ಹಾಗಾದರೆ ಒಪ್ಪಿದ ಹಾಗೇ ಅನ್ನೋ ವಾದವೂ ನಡೆಯೋದಿಲ್ಲ.

ಎಚ್‌ಆರ್‌ನಿಂದ ಉತ್ತರ ಬಂತು. ಪಾಠಕ್ಕೆ ಒಂದು ಶೈಕ್ಷಣಿಕ ವರ್ಷಕ್ಕೆ ಅನುಮತಿ, ವಾರಕ್ಕೆ ನಾಲ್ಕು ತಾಸು ಮೀರಬಾರದು, ಕಂಪನಿ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಡ್ರಾಯಿಂಗ್‌ಗೆ ಇಲ್ಲ, ಅದು ವಾಣಿಜ್ಯ ಕನ್ಸಲ್ಟೆನ್ಸಿ ಅಂತ ಕಾರಣ ಕೊಟ್ಟಿದ್ದರು. ನನ್ನನ್ನು ಕೇಳಿದರೆ ಇದು ಸ್ವಲ್ಪ ಜಾಸ್ತಿಯೇ ಆಯಿತು. ಸ್ವಂತ ಲ್ಯಾಪ್‌ಟಾಪ್, ಸ್ವಂತ ಲೈಸೆನ್ಸ್ ಇಟ್ಟುಕೊಂಡು ಮಾಡಿದರೆ ಭತ್ತದ ಎಲಿವೇಟರ್‌ನಿಂದ ಉಕ್ಕಿನ ಕಾರ್ಖಾನೆಗೆ ನಷ್ಟ ಏನೂ ಇರಲಿಲ್ಲ. ಆದರೆ ಕೊಡೋದು ಬಿಡೋದು ಅವರ ವಿವೇಚನೆ ಅಂತ ಸಹಿ ಹಾಕಿ ಆಗಿದೆ. ಮಿಲ್ ಮಾಲೀಕರಿಗೆ ಗಂಗಾವತಿಯಲ್ಲೇ ಅದೇ ಕೆಲಸ ಮಾಡುವ ಒಂದು ವರ್ಕ್‌ಶಾಪ್ ತೋರಿಸಿ ಕೈ ತೊಳೆದುಕೊಂಡ.

ಐಟಿ ಕಂಪನಿಗಳಲ್ಲಿ ಇರೋ ಹುಡುಗರು, ಅಲ್ಲೆಲ್ಲ ಈಗ ಇದು ಮಾಮೂಲು ಅಂತಾರೆ. ಅಲ್ಲೂ ಒಂದೇ ಥರ ಇಲ್ಲ. 2022ರ ಆಗಸ್ಟ್‌ನಲ್ಲಿ ಸ್ವಿಗ್ಗಿ ತನ್ನ ನೌಕರರಿಗೆ ಷರತ್ತಿನ ಮೇಲೆ ಹೊರಗಿನ ಕೆಲಸಕ್ಕೆ ಅವಕಾಶ ಕೊಟ್ಟಿತು. ಮರು ತಿಂಗಳು ವಿಪ್ರೋ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದದ್ದಾಗಿ ಹೇಳಿತು. ಅಕ್ಟೋಬರ್‌ನಲ್ಲಿ ಇನ್ಫೋಸಿಸ್, ಮೊದಲೇ ಒಪ್ಪಿಗೆ ಪಡೆದು, ಪೈಪೋಟಿ ಇಲ್ಲದ ಸಣ್ಣ ಕೆಲಸ ಮಾಡಬಹುದು ಅಂತ ತಿಳಿಸಿತು. ಗೆಳೆಯನ ಕಂಪನಿಯ ನಿಯಮ ನಿಮ್ಮ ಕಂಪನಿಗೆ ಬರೋದಿಲ್ಲ.

ಸರ್ಕಾರಿ ನೌಕರರ ಕಥೆ ಇನ್ನೂ ಬೇರೆ. ಅವರಿಗೆ ಪತ್ರದ ಷರತ್ತಿಗಿಂತ ನಡತೆ ನಿಯಮಗಳು ಮುಖ್ಯ. ಕೇಂದ್ರ ಸರ್ಕಾರಿ ನೌಕರರ 1964ರ ನಿಯಮಗಳಲ್ಲಿ ಅಪರೂಪಕ್ಕೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ, ನೌಕರಿಗೆ ತೊಂದರೆ ಆಗದಿದ್ದರೆ, ಸಡಿಲಿಕೆ ಇದೆ. ರಾಜ್ಯದವರು 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳನ್ನು ನೋಡಬೇಕು. ಶಾಲೆ ಮೇಷ್ಟ್ರುಗಳಿಗಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಖಾಸಗಿ ಟ್ಯೂಷನ್ ಬೇಡ ಅಂತ ನೇರವಾಗಿಯೇ ಹೇಳಿದೆ. ಇಂಜಿನಿಯರ್ ಪಾಠ ಹೇಳಬಹುದು, ಮೇಷ್ಟ್ರು ಹೇಳುವಂತಿಲ್ಲ. ವಿಚಿತ್ರ ಅನ್ನಿಸಿದರೂ ಕಾರಣ ಗೊತ್ತಿರೋದೇ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧಕ್ಕೆ ಮನೆಗೆ ಕರೆಯೋದು ತಪ್ಪಲಿ ಅಂತ.

ಅಳಿಯನ ಪಾಠ ನಡೆಯುತ್ತಿದೆ. ಹುಡುಗರಿಗೆ ತೋರಿಸೋದಕ್ಕೆ ಹಳೇ ಜೆಸಿಬಿಯ ಒಂದು ಸಿಲಿಂಡರ್ ಅನ್ನು ಗುಜರಿಯಿಂದ ತಂದಿದ್ದಾನೆ, ಪ್ಲಾಂಟಿನ ಫೋಟೋ ಬೇಕಾಗಿಲ್ಲ. ಈಗ ಕಾಲೇಜಿನವರು ಅದೇ ಪಾಠವನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋಣ ಅನ್ನುತ್ತಿದ್ದಾರೆ. ಪಾಠ ಅದೇ, ಮೇಷ್ಟ್ರೂ ಅದೇ, ಇದಕ್ಕೂ ಕೇಳಬೇಕಾ ಅಂತ ಫೋನ್ ಮಾಡಿದ್ದ. ಚಾನೆಲ್ ಯಾರ ಹೆಸರಲ್ಲಿ ಅಂತ ಕೇಳಿದೆ. ಕಾಲೇಜಿನದಾದರೆ, ರೆಕಾರ್ಡಿಂಗಿಗೆ ಹಿಡಿಯೋ ತಾಸುಗಳೂ ಸೇರಿ ವಾರಕ್ಕೆ ನಾಲ್ಕರೊಳಗೇ ಇರುತ್ತದೆ ಅಂತ ತೋರಿಸಿ ಹಳೇ ಅನುಮತಿಗೆ ಒಂದು ತಿದ್ದುಪಡಿ ಕೇಳಬಹುದು. ಅವನದೇ ಚಾನೆಲ್, ಜಾಹೀರಾತಿನ ದುಡ್ಡು ಅವನ ಖಾತೆಗೆ ಅಂತಾದರೆ ಅದು ಪಾಠ ಅಲ್ಲ, ಷರತ್ತಿನ ಪ್ರಕಾರ ವ್ಯಾಪಾರ. ಹೊಸ ಅರ್ಜಿಯೇ ಬೇಕು. ಕಾಲೇಜಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ.